ಯಾವ ಗಾದೆಗೂ ಸಲ್ಲುವ ಪೀಠಿಕೆ

ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆ ಕನ್ನಡದ ಪತ್ರಿಕೆಯಲ್ಲಿ ಗಾದೆ ವಿಸ್ತರಣೆಗೆ 3 ಅಂಕ. ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳು ಇದಕ್ಕೆ ಬರೆಯುವ ಉತ್ತರ ಹೆಚ್ಚಾಗಿ ಒಂದೇ ಬಗೆಯಲ್ಲಿ ಶುರುವಾಗುತ್ತದೆ. ಗಾದೆಗಳು ವೇದಕ್ಕೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಅವು ಹಿರಿಯರ ಅನುಭವದ ನುಡಿಮುತ್ತುಗಳು. ಬೆಂಗಳೂರಿನ ಮಕ್ಕಳೂ ಇದನ್ನೇ ಬರೆಯುತ್ತಾರೆ ಎನ್ನಿ. ಗೈಡು, ಟ್ಯೂಷನ್, ಪರೀಕ್ಷೆ ಹತ್ತಿರ ಬಂದಾಗ ಶಾಲೆಯಲ್ಲೇ ಹಂಚುವ ‘ಪಾಸಿಂಗ್ ಪ್ಯಾಕೇಜ್’ ಎಲ್ಲವೂ ಕಲಿಸುವುದು ಇದನ್ನೇ.

ಬಾಯಿಪಾಠ ಮಾಡಿದ್ದಕ್ಕೆ ಅಂಕ ಕತ್ತರಿಸಬೇಕೆಂಬ ನಿಯಮವೇನೂ ಇಲ್ಲ. ಆ ಸಾಲುಗಳು ಉತ್ತರದ ಜಾಗವನ್ನು ಹಿಡಿದು ಕೂತುಬಿಡುವುದೇ ತೊಂದರೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನೇ ತಗೊಳ್ಳಿ. ಎಂಟು ಸಾಲಿನ ಉತ್ತರದಲ್ಲಿ ನಾಲ್ಕು ಸಾಲು ಗಾದೆಗಳ ಹೊಗಳಿಕೆ, ಒಂದು ಸಾಲು ‘ಕಷ್ಟಪಟ್ಟರೆ ಸುಖ ಸಿಗುತ್ತದೆ’, ಆಮೇಲೆ ಅದೇ ಮಾತು ಬೇರೆ ಪದಗಳಲ್ಲಿ ಎರಡು ಸಲ, ಕೊನೆಗೆ ‘ಒಟ್ಟಿನಲ್ಲಿ ಈ ಗಾದೆ ನಮಗೆ ನೀತಿಯನ್ನು ತಿಳಿಸುತ್ತದೆ’. ಮೌಲ್ಯಮಾಪಕರು ಹುಡುಕುವುದು ಈ ಗಾದೆಯ ಅರ್ಥವನ್ನು, ಅದನ್ನು ಹಿಗ್ಗಿಸಿ ಹೇಳಿದ ಮಾತನ್ನು, ಒಂದು ಉದಾಹರಣೆಯನ್ನು. ಗಾದೆ ಬದಲಾಯಿಸಿ ‘ಮಾತು ಬೆಳ್ಳಿ ಮೌನ ಬಂಗಾರ’ ಎಂದು ಇಟ್ಟರೂ ಮೊದಲ ನಾಲ್ಕು ಸಾಲು, ಕೊನೆಯ ಸಾಲು ಹಾಗೇ ನಿಲ್ಲುತ್ತವೆ. ಹಾಗೆ ನಿಲ್ಲುವ ಸಾಲಿಗೆ ಏನಂತ ಅಂಕ ಕೊಡುವುದು? ಎಷ್ಟೇ ಉದಾರಿಗಳಾದರೂ ಮೂರಕ್ಕೆ ಒಂದು, ಒಂದೂವರೆಗೆ ಕೈ ನಿಲ್ಲಿಸುತ್ತಾರೆ.

ಜೇವರ್ಗಿಯ ಕರಿನೆಲದ ಹುಡುಗನಿಗೆ ಕೆಸರೆಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಮುಂಗಾರಿನಲ್ಲಿ ಎರೆಹೊಲಕ್ಕೆ ಇಳಿದರೆ ಕಾಲು ಕೀಳಲಾಗದಷ್ಟು ಮಣ್ಣು ಮೆತ್ತಿಕೊಳ್ಳುತ್ತದೆ. ಆಗ ಬಿತ್ತಿದ ತೊಗರಿಗೆ ಹೂವಿನ ಹೊತ್ತಿನಲ್ಲಿ ಕಾಯಿಕೊರಕ ಬೀಳದಂತೆ ಕಾಯಬೇಕು, ಡಿಸೆಂಬರ್, ಜನವರಿಯಲ್ಲಿ ಕೊಯ್ದು ರಾಶಿ ಮಾಡಬೇಕು. ಅಲ್ಲಿಯವರೆಗೆ ಮನೆಗೆ ಬೇಳೆಯೂ ಇಲ್ಲ, ರೊಕ್ಕವೂ ಇಲ್ಲ. ಇದನ್ನು ಮೂರು ಸಾಲಿನಲ್ಲಿ ಬರೆದರೆ ಅರ್ಥ, ವಿಸ್ತರಣೆ, ಉದಾಹರಣೆ ಮೂರೂ ಒಂದೇ ಕಡೆ ಬಂದುಬಿಡುತ್ತವೆ. ಆದರೆ ತೊಗರಿ ಹೊಲ ಪರೀಕ್ಷೆಗೆ ಬರುವ ವಿಷಯವಲ್ಲ ಎಂದು ಆ ಹುಡುಗನನ್ನು ನಂಬಿಸಿಬಿಟ್ಟಿದ್ದೇವೆ.

ಪ್ರಬಂಧದಲ್ಲಿ ಅಂಕ ಸೋರುವ ದಾರಿ ಬೇರೆ. ಅಲ್ಲಿ ಪೆಟ್ಟು ಬೀಳುವುದು ವಿಷಯದ ಬಾಲಕ್ಕೆ. ಪ್ರಶ್ನೆ ‘ಪ್ರಕೃತಿ ವಿಕೋಪ ಎದುರಿಸುವಲ್ಲಿ ವಿದ್ಯಾರ್ಥಿಗಳ ಪಾತ್ರ’ ಎಂದಿದೆ ಎಂದುಕೊಳ್ಳಿ. ಮಗುವಿನ ಕಣ್ಣಿಗೆ ಬೀಳುವುದು ‘ಪ್ರಕೃತಿ ವಿಕೋಪ’ ಅಷ್ಟೇ. ಕಲಿತಿಟ್ಟ ಪ್ರಬಂಧ ಹೊರಗೆ ಬರುತ್ತದೆ: ವಿಕೋಪ ಎಂದರೇನು, ಅದರ ವಿಧಗಳು, ಭೂಕಂಪ, ಸುನಾಮಿ, ಪರಿಹಾರ ಕ್ರಮ, ಉಪಸಂಹಾರ. ವಿದ್ಯಾರ್ಥಿ ಎಂಬ ಪದ ಕೊನೆಯ ಸಾಲಿನಲ್ಲಿ ಬಂದರೆ ಪುಣ್ಯ. ಪೀಠಿಕೆ, ಉಪಸಂಹಾರದ ಅಂಕ ಸಿಗಬಹುದು. ವಿಷಯ ನಿರೂಪಣೆಗೆ ಮೀಸಲಾದ ಅಂಕಕ್ಕೆ ಅಲ್ಲಿ ವಸ್ತುವೇ ಇರುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ನದಿದಂಡೆಯ ಊರುಗಳಿಗೆ ನುಗ್ಗಿದ್ದನ್ನು ಕಂಡ ಮಗುವೂ ಸಮುದ್ರವಿಲ್ಲದ ತಾಲೂಕಿನಲ್ಲಿ ಕೂತು ಸುನಾಮಿಯ ಬಗ್ಗೆ ಬರೆಯುತ್ತದೆ. ಕಾಳಜಿ ಕೇಂದ್ರದಲ್ಲಿ ಅನ್ನ ಬಡಿಸಿದ್ದು, ಅಜ್ಜಿಯ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಾಪಾಡಿದ್ದು, ಇವೂ ವಿದ್ಯಾರ್ಥಿಯ ಪಾತ್ರವೇ ಎಂದು ಅದಕ್ಕೆ ಯಾರೂ ಹೇಳಿರುವುದಿಲ್ಲ.

ಇನ್ನು, ಇದು ಬಾಯಿಪಾಠ ಎಂದು ಗೊತ್ತಾಗುವುದು ಹೇಗೆ? ಮೌಲ್ಯಮಾಪಕರು ಓದುವುದು ಕಟ್ಟುಗಟ್ಟಲೆ. ಒಂದರ ಹಿಂದೆ ಒಂದರಂತೆ ನಾಲ್ಕಾರು ಉತ್ತರ ಪತ್ರಿಕೆಗಳಲ್ಲಿ ಅದೇ ವಾಕ್ಯ, ಅದೇ ಕ್ರಮ ಬಂದರೆ ಮೂಲ ಯಾವುದೆಂದು ಕೇಳಬೇಕಿಲ್ಲ. ಗೈಡಿನ ಅಚ್ಚುತಪ್ಪೂ ಸಾಲು ಹಿಡಿದು ಬರುತ್ತದೆ. ಅದಕ್ಕಿಂತ ಸ್ಪಷ್ಟವಾದದ್ದು ಭಾಷೆಯ ಬೆಸುಗೆ. ‘ಪ್ರಾಕೃತಿಕ ಸಂಪನ್ಮೂಲಗಳ ಸುಸ್ಥಿರ ಸಂರಕ್ಷಣೆ’ ಎಂದು ಒಂದೂ ಒತ್ತಕ್ಷರ ತಪ್ಪದೆ ಬರೆದ ಕೈ ಮುಂದಿನ ಸಾಲಿನಲ್ಲೇ ‘ಕಸ್ಟ’, ‘ವಿದ್ಯಾರ್ತಿ’ ಎಂದು ಬರೆಯುತ್ತದೆ. ನೆನಪು ಎಲ್ಲಿ ಕೈಕೊಟ್ಟಿತು ಎಂಬುದು ಅಲ್ಲೇ ಕಾಣುತ್ತದೆ. ಕೆಲವೊಮ್ಮೆ ವಾಕ್ಯದ ಕ್ರಿಯಾಪದವೇ ನಾಪತ್ತೆಯಾಗಿ, ನೇರ ಮುಂದಿನ ಪ್ಯಾರಾಕ್ಕೆ ಜಿಗಿತ. ಸ್ವಂತವಾಗಿ ಬರೆಯುವ ಮಗು ಕಾಗುಣಿತ ತಪ್ಪಬಹುದು, ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದು ವಿಷಯಕ್ಕೆ ಹಾರುವುದು ಅಪರೂಪ.

ಅಚ್ಚಿನ ಉತ್ತರ ನಿಜಕ್ಕೂ ನೆರವಾಗುವ ಜಾಗವೂ ಒಂದಿದೆ. ಪತ್ರಲೇಖನದಲ್ಲಿ ದಿನಾಂಕ, ಇಂದ, ಗೆ, ವಿಷಯ, ವಂದನೆ ಇವುಗಳ ಕ್ರಮಕ್ಕೇ ಅಂಕವಿದೆ. ಅದನ್ನು ಬಾಯಿಪಾಠ ಮಾಡುವುದೇ ಸರಿ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ಮರಾಠಿ ಆಡುವ, ಪಾಸಿನ ಅಂಚಿನಲ್ಲಿರುವ ಮಗುವಿಗೆ ಆ ಕೆಲವು ಅಂಕ ದೊಡ್ಡದು. ಪಾಸಿಂಗ್ ಪ್ಯಾಕೇಜನ್ನು ಸಾರಾಸಗಟಾಗಿ ಬೈಯುವವರ ಜೊತೆ ನಾನಿಲ್ಲ. ಆದರೆ ಪ್ರಶ್ನೆ ‘ನಿಮ್ಮನ್ನು ಅಫಜಲಪುರದ ಸರ್ಕಾರಿ ಪ್ರೌಢಶಾಲೆಯ ಸುಮಾ ಎಂದು ಭಾವಿಸಿ’ ಎಂದಾಗಲೂ ಗೈಡಿನಲ್ಲಿದ್ದ ಹೆಸರು, ಊರನ್ನೇ ‘ಇಂದ’ ಕೆಳಗೆ ಇಳಿಸಿದರೆ ಆ ಖಚಿತ ಅಂಕವೂ ಹೋಗುತ್ತದೆ. ಅಂಥ ಪತ್ರ ಓದುವವರಿಗೆ ಒಳಗಿನ ಒಕ್ಕಣೆ ಎಲ್ಲಿಂದ ಬಂದಿರಬಹುದು ಎಂಬ ಸಂಶಯವೇ ಉಳಿಯುವುದಿಲ್ಲ.