ಕೆರೆಯದಿದ್ದರೂ ಆಗುತ್ತಿತ್ತೇ?

ಐವಿಎಫ್‌ನ ಮೊದಲ ಸುತ್ತು ಸೋತ ಮೇಲೆ ಗಂಡ ಹೆಂಡತಿ ಡಾಕ್ಟರ ಎದುರು ಕೂತು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಮುಂದಿನ ಸಲ ಬೇರೆ ಏನಾದರೂ ಮಾಡಬಹುದೇ? ಉತ್ತರವಾಗಿ ಬರುವ ಪಟ್ಟಿ ಈಗ ಸಾಕಷ್ಟು ಉದ್ದವಿದೆ. ಗರ್ಭಕೋಶದ ಒಳಪದರವನ್ನು ಸ್ವಲ್ಪ ಕೆರೆಯುವ ಸ್ಕ್ರ್ಯಾಚಿಂಗ್, ನಮ್ಮದೇ ರಕ್ತದಿಂದ ತೆಗೆದು ಒಳಗೆ ಬಿಡುವ ಪಿಆರ್‌ಪಿ, ಭ್ರೂಣಗಳ ಮೇಲೆ ಹಗಲುರಾತ್ರಿ ಕ್ಯಾಮೆರಾ ಇಡುವ ಟೈಮ್‌ಲ್ಯಾಪ್ಸ್, ಒಳಪದರ ಯಾವ ಗಳಿಗೆಯಲ್ಲಿ ಸಿದ್ಧವಾಗುತ್ತದೆ ಎಂದು ಹೇಳುವ ಇಆರ್‌ಎ ಪರೀಕ್ಷೆ. ಪಟ್ಟಿಯ ಕೊನೆಗೆ ಬಹುತೇಕ ಎಲ್ಲ ಕಡೆಯೂ ಕೇಳಿಬರುವ ಮಾತೊಂದಿದೆ: ‘ಮಾಡಿಸಿ ನೋಡಿ, ನಷ್ಟವೇನಿಲ್ಲ.’

ನನ್ನ ತಕರಾರು ಈ ಮಾತಿನ ಮೇಲೆ. ಅದನ್ನು ಹೇಳುವ ವೈದ್ಯರೆಲ್ಲ ದುಡ್ಡಿಗಾಗಿಯೇ ಹೇಳುತ್ತಾರೆ ಎಂಬುದು ಇನ್ನೊಂದು ಜನಪ್ರಿಯ ಅಭಿಪ್ರಾಯ; ಅದನ್ನೂ ನಾನು ಒಪ್ಪುವುದಿಲ್ಲ. ಹಲವರು ನಂಬಿಯೇ ಹೇಳುತ್ತಾರೆ. ಆ ನಂಬಿಕೆ ಎಲ್ಲಿಂದ ಬಂತು, ಆಮೇಲೆ ಏನಾಯಿತು ಎಂಬುದಕ್ಕೆ ಸ್ಕ್ರ್ಯಾಚಿಂಗ್‌ನ ಕತೆಯಷ್ಟು ಸ್ಪಷ್ಟವಾದ ದಾಖಲೆ ಈ ಕ್ಷೇತ್ರದಲ್ಲಿ ಮತ್ತೊಂದಿಲ್ಲ.

ಮೊದಲು ಕೆಲಸ ಏನೆಂದು ನೋಡೋಣ. ಪಿಪೆಲ್ ಎಂಬ ಕೆಲವೇ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ನಳಿಗೆಯನ್ನು ಗರ್ಭಕಂಠದ ಮೂಲಕ ಒಳಗೆ ಕಳಿಸುತ್ತಾರೆ. ಒಳಗಿನ ಕಡ್ಡಿಯನ್ನು ಹಿಂದಕ್ಕೆಳೆದರೆ ಎಳೆತ ಹುಟ್ಟುತ್ತದೆ. ನಳಿಗೆಯನ್ನು ತಿರುಗಿಸುತ್ತ ಮುಂದಕ್ಕೂ ಹಿಂದಕ್ಕೂ ಆಡಿಸಿದಾಗ ಒಳಪದರ ಅಲ್ಲಲ್ಲಿ ಕಿತ್ತು ಬರುತ್ತದೆ. ಕೆಲವು ನಿಮಿಷಗಳ ಕೆಲಸ, ಸಾಮಾನ್ಯವಾಗಿ ಭ್ರೂಣ ಇಡುವುದಕ್ಕೆ ಹಿಂದಿನ ತಿಂಗಳಲ್ಲಿ. ಗಾಯವಾದ ಕಡೆ ಮಾಯುವಿಕೆ ಶುರುವಾಗುತ್ತದೆ, ಅದಕ್ಕಾಗಿ ಬಂದು ಸೇರುವ ರೋಗನಿರೋಧಕ ಕೋಶಗಳು ಮುಂದಿನ ತಿಂಗಳೂ ಉಳಿದು ಭ್ರೂಣ ಅಂಟಿಕೊಳ್ಳಲು ನೆರವಾಗುತ್ತವೆ ಎಂಬುದು ಇದರ ಹಿಂದಿನ ತರ್ಕ. ಈ ನಡುವೆ ಮುಟ್ಟಾಗಿ ಆ ಪದರದ ಬಹುಭಾಗ ಕಳಚಿಹೋಗಿರುತ್ತದೆ ಎಂಬ ಆಕ್ಷೇಪ ಮೊದಲಿನಿಂದಲೂ ಇತ್ತು. ಆದರೆ ಅಂಕಿಗಳು ಚೆನ್ನಾಗಿದ್ದವು, ಆಕ್ಷೇಪ ಹಿಂದೆ ಸರಿಯಿತು.

ಆ ಅಂಕಿಗಳು 2003ರಲ್ಲಿ ಇಸ್ರೇಲಿನಿಂದ ಬಂದವು. ಒಮ್ಮೆಯಾದರೂ ಐವಿಎಫ್ ಸೋತಿದ್ದ 134 ಹೆಂಗಸರಲ್ಲಿ 45 ಮಂದಿಗೆ ಹಿಂದಿನ ತಿಂಗಳಲ್ಲಿ ಹಲವು ಸಲ ಬಯಾಪ್ಸಿ ಮಾಡಿದ್ದರು. ಅವರಲ್ಲಿ ಶೇ. 48.9 ಮಂದಿಗೆ ಮಗುವಾಯಿತು, ಉಳಿದವರಲ್ಲಿ ಶೇ. 22.5. ಎರಡು ಪಟ್ಟಿಗೂ ಮೇಲೆ! ಇಷ್ಟು ಅಗ್ಗದ ಕೆಲಸಕ್ಕೆ ಇಷ್ಟು ಫಲ! ಸುದ್ದಿ ಹರಡಿತು, ಸಣ್ಣ ಅಧ್ಯಯನಗಳು ಒಂದರ ಹಿಂದೊಂದು ಬಂದವು. ಅವುಗಳಲ್ಲಿ ನಮ್ಮದೂ ಒಂದಿದೆ. 2010ರಲ್ಲಿ ಬೆಂಗಳೂರಿನ ಕೇಂದ್ರವೊಂದು 100 ಹೆಂಗಸರ ಅಧ್ಯಯನ ಪ್ರಕಟಿಸಿತು: ಕೆರೆಸಿಕೊಂಡವರಲ್ಲಿ ಶೇ. 22.4 ಮಂದಿಗೆ ಮಗು, ಕೆರೆಸಿಕೊಳ್ಳದವರಲ್ಲಿ ಶೇ. 9.8.

ಶೇಕಡಾವಾರನ್ನು ತಲೆಗಳಿಗೆ ಇಳಿಸಿ ನೋಡಿ. 49 ಮಂದಿಯಲ್ಲಿ 11, 51 ಮಂದಿಯಲ್ಲಿ 5. ಇಡೀ ಅಧ್ಯಯನದಲ್ಲಿ ಹೆರಿಗೆಗಳು 16. ಮೂರೇ ಮೂರು ಹೆರಿಗೆ ಈ ಕಡೆಯಿಂದ ಆ ಕಡೆಗೆ ಸರಿದಿದ್ದರೆ ಎಂಟಕ್ಕೆ ಎಂಟು. ಅಧ್ಯಯನ ಮಾಡಿದವರು ಇದನ್ನು ಪ್ರಾಥಮಿಕ ಪ್ರಯೋಗ ಎಂದೇ ಶೀರ್ಷಿಕೆಯಲ್ಲಿ ಕರೆದುಕೊಂಡಿದ್ದಾರೆ, ಅವರನ್ನು ದೂರುವಂತಿಲ್ಲ. ಇಂಥ ಹತ್ತಾರು ಪ್ರಾಥಮಿಕ ಪ್ರಯೋಗಗಳನ್ನು ಕೂಡಿಸಿ ದೊಡ್ಡ ಸಾಕ್ಷ್ಯವೆಂದು ಎಣಿಸಿದ್ದರಲ್ಲಿ ತಪ್ಪಿದೆ. ಚೆನ್ನಾಗಿ ಬಂದ ಸಣ್ಣ ಅಧ್ಯಯನ ಅಚ್ಚಾಗುತ್ತದೆ, ಏನೂ ತೋರಿಸದ ಸಣ್ಣ ಅಧ್ಯಯನ ಮೇಜಿನ ಖಾನೆಯಲ್ಲೇ ಉಳಿಯುತ್ತದೆ. ಅಚ್ಚಾದವನ್ನಷ್ಟೇ ಕೂಡಿಸಿದರೆ ಉತ್ತರ ಯಾವಾಗಲೂ ಹೌದು ಎಂದೇ ಬರುತ್ತದೆ.

ಮುಂದಿನ ದಶಕದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್ನಿನ ತಜ್ಞರನ್ನು ಕೇಳಿದಾಗ ಶೇ. 83 ಮಂದಿ ಸ್ಕ್ರ್ಯಾಚಿಂಗ್ ಸೂಚಿಸುವುದಾಗಿ ಹೇಳಿದರು. ಆ ಹೊತ್ತಿಗೆ ನ್ಯೂಜಿಲೆಂಡಿನ ಸಾರಾ ಲೆನ್ಸನ್ ಮತ್ತು ಸಂಗಡಿಗರು ಐದು ದೇಶಗಳ 13 ಕೇಂದ್ರಗಳಲ್ಲಿ ದೊಡ್ಡ ಪ್ರಯೋಗ ನಡೆಸುತ್ತಿದ್ದರು. 1364 ಹೆಂಗಸರು, ಯಾರನ್ನು ಕೆರೆಯಬೇಕು, ಯಾರನ್ನು ಬಿಡಬೇಕು ಎಂಬುದು ಚೀಟಿ ಎತ್ತಿದಂತೆ, ವೈದ್ಯರ ಇಷ್ಟಾನಿಷ್ಟ ಸೋಕದಂತೆ ತೀರ್ಮಾನವಾಗುತ್ತಿತ್ತು. 2019ರ ಜನವರಿಯಲ್ಲಿ ಫಲಿತಾಂಶ ಬಂತು. ಕೆರೆಸಿಕೊಂಡ 690 ಮಂದಿಯಲ್ಲಿ 180 ತಾಯಂದಿರು. ಕೆರೆಸಿಕೊಳ್ಳದ 674 ಮಂದಿಯಲ್ಲಿ 176. ಎರಡೂ ಕಡೆ ಶೇ. 26.1, ದಶಮಾಂಶದವರೆಗೂ ಒಂದೇ. ಹಿಂದೆ ಪದೇ ಪದೇ ಸೋತವರನ್ನು ಬೇರೆಯಾಗಿ ನೋಡಿದಾಗಲೂ ಲಾಭ ಕಾಣಲಿಲ್ಲ.

ಆ 180 ತಾಯಂದಿರ ಬಗ್ಗೆ ಯೋಚಿಸಬೇಕು. ಪ್ರಯೋಗದ ಹೊರಗೆ, ಸಾಮಾನ್ಯ ಕ್ಲಿನಿಕ್ಕಿನಲ್ಲಿ ಅವರು ಹೀಗೇ ಕೆರೆಸಿಕೊಂಡು ತಾಯಿಯಾಗಿದ್ದರೆ ಒಬ್ಬೊಬ್ಬರೂ ‘ಅದರಿಂದಲೇ ಆಯಿತು’ ಎಂದು ಪ್ರಾಮಾಣಿಕವಾಗಿ ನಂಬುತ್ತಿದ್ದರು. ತಂಗಿಗೆ, ಆಫೀಸಿನ ಗೆಳತಿಗೆ, ಕಾಯುವ ಕೋಣೆಯಲ್ಲಿ ಪಕ್ಕದ ಕುರ್ಚಿಯವರಿಗೆ ಹೇಳುತ್ತಿದ್ದರು. ಅವರ ಡಾಕ್ಟರೂ ತಮ್ಮ ಅನುಭವದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದರು. ಉಳಿದ 510 ಮಂದಿ ಮಾತಾಡುವುದಿಲ್ಲ. ಆ ಕ್ಲಿನಿಕ್ಕಿಗೇ ಮತ್ತೆ ಬರದವರೂ ಅವರಲ್ಲಿ ಇರುತ್ತಾರೆ. ಹರಕೆ ತೀರಿಸಲು ಬಂದವರನ್ನಷ್ಟೇ ಎಣಿಸಿದರೆ ಯಾವ ದೇವರೂ ಸೋಲುವುದಿಲ್ಲ. ಇನ್ನು ಏನೂ ಮಾಡಿಸದೆ ಹೆತ್ತ ಆ 176 ಮಂದಿಗಂತೂ ಹೇಳಲು ಕತೆಯೇ ಇಲ್ಲ, ಅವರಿಗೆ ಸುಮ್ಮನೆ ಮಗುವಾಯಿತು. ಒಮ್ಮೆ ಸೋತವರಲ್ಲಿ ಒಂದು ಪಾಲು ಎರಡನೆಯ ಸಲ ಹೇಗೂ ಗೆಲ್ಲುತ್ತಾರೆ ಎಂಬ ಸರಳ ಸಂಗತಿ ಕ್ಲಿನಿಕ್ಕಿನ ಕುರ್ಚಿಯಿಂದ ಕಾಣುವುದೇ ಇಲ್ಲ. ಅನುಭವಿ ವೈದ್ಯರು ತಪ್ಪುವುದು ಇಲ್ಲಿ. ಅನುಭವ ಹೆಚ್ಚಿದಷ್ಟೂ ತಪ್ಪು ಗಟ್ಟಿಯಾಗುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ನನ್ನ ವಾದಕ್ಕೆ ಅನುಕೂಲ, ಆದರೆ ಅದು ಪೂರ್ತಿ ಲೆಕ್ಕವಾಗುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಒಮ್ಮೆ ಸೋತ ಹೆಂಗಸರ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆರೆಸಿಕೊಂಡವರಿಗೆ ಶೇ. 23.7, ಉಳಿದವರಿಗೆ ಶೇ. 19.1 ಬಂತು, ಆ ಅಂತರ ಕೇವಲ ಅದೃಷ್ಟದಿಂದಲೂ ಬರಬಹುದಾದಷ್ಟೇ ಇತ್ತು. ಅದೇ ವರ್ಷ ಕಾಕ್ರೇನ್ ಸಂಸ್ಥೆಯವರು ಸಿಕ್ಕ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು, ವಿಧಾನ ಗಟ್ಟಿಯಿದ್ದ ಎಂಟನ್ನು ಮಾತ್ರ ಉಳಿಸಿಕೊಂಡಾಗ ಬಂದ ಉತ್ತರ ಹೀಗಿತ್ತು: ಸಾಮಾನ್ಯವಾಗಿ ನೂರರಲ್ಲಿ 27 ಮಂದಿಗೆ ಮಗುವಾಗುವ ಕಡೆ, ಕೆರೆದರೆ ಅದು 27ರ ಆಸುಪಾಸಿನಿಂದ 32ರೊಳಗೆ ಎಲ್ಲೋ ಇರಬಹುದು. 2023ರಲ್ಲಿ 13 ಪ್ರಯೋಗಗಳ ನಾಲ್ಕು ಸಾವಿರಕ್ಕೂ ಹೆಚ್ಚು ಹೆಂಗಸರ ಮೂಲ ದಾಖಲೆಗಳನ್ನೇ ಒಟ್ಟುಹಾಕಿ ಲೆಕ್ಕ ಮಾಡಿದವರಿಗೆ ಸಣ್ಣದೊಂದು ಲಾಭ, ಅಂಚಿನಲ್ಲಿ ನಿಂತದ್ದು, ಕಂಡಿದೆ. ಹಾಗಾಗಿ ‘ಸ್ಕ್ರ್ಯಾಚಿಂಗ್ ಶುದ್ಧ ಬೂಟಾಟಿಕೆ’ ಎಂದು ನಾನು ಬರೆಯಲಾರೆ. ಎರಡು ಪಟ್ಟು ಎಂಬ ಮೂಲ ವಾಗ್ದಾನ ಸತ್ತಿದೆ ಎಂದು ಮಾತ್ರ ಖಂಡಿತವಾಗಿ ಹೇಳಬಹುದು. ಉಳಿದಿರುವುದು ಸೊನ್ನೆ, ಅಥವಾ ಸೊನ್ನೆಗೆ ಹತ್ತಿರದ ಏನೋ. ಯುರೋಪಿನ ಸಂತಾನ ವೈದ್ಯರ ಸಂಘ 2023ರ ತನ್ನ ಮಾರ್ಗದರ್ಶಿಯಲ್ಲಿ ಇದನ್ನು ನಿತ್ಯದ ಬಳಕೆಗೆ ಶಿಫಾರಸು ಮಾಡಿಲ್ಲ.

ಪಿಆರ್‌ಪಿ ಇವತ್ತು ನಿಂತಿರುವುದು ಸ್ಕ್ರ್ಯಾಚಿಂಗ್ 2010ರಲ್ಲಿ ನಿಂತಿದ್ದ ಜಾಗದಲ್ಲಿ. ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಪ್ಲೇಟ್‌ಲೆಟ್‌ಗಳು ದಟ್ಟವಾಗಿರುವ ಪದರವನ್ನು ಬೇರ್ಪಡಿಸಿ ಒಂದು ಮಿಲಿಲೀಟರಿನ ಆಸುಪಾಸು ಗರ್ಭಕೋಶದೊಳಕ್ಕೆ ಬಿಡುತ್ತಾರೆ. ಒಳಪದರ ಏಳು ಮಿಲಿಮೀಟರ್ ದಾಟದವರಿಗೆ ಇದನ್ನು ಹೆಚ್ಚಾಗಿ ಹೇಳುತ್ತಾರೆ. ಪ್ಲೇಟ್‌ಲೆಟ್‌ಗಳಲ್ಲಿ ಅಂಗಾಂಶ ಬೆಳೆಸುವ ಪ್ರೋಟೀನುಗಳಿವೆ ಎಂಬುದು ನಿಜ. ಹೆಸರು ಮಾಡಿದ ಮೊದಲ ವರದಿ 2015ರದು, ಚೀನಾದ್ದು. ಅದರಲ್ಲಿದ್ದವರು ಐದು ಹೆಂಗಸರು. ಐವರ ಒಳಪದರವೂ ದಪ್ಪವಾಯಿತು, ಐವರೂ ಬಸಿರಾದರು. ಹೋಲಿಸಿ ನೋಡಲು ಆರನೆಯವಳಿರಲಿಲ್ಲ.

ಇಲ್ಲಿ ಎರಡು ತೊಡಕುಗಳಿವೆ. ಪಿಆರ್‌ಪಿ ಎಂಬುದು ಒಂದು ಔಷಧವಲ್ಲ. ಎಷ್ಟು ರಕ್ತ, ಎಷ್ಟು ವೇಗ, ಒಂದು ಸಲ ತಿರುಗಿಸುವುದೋ ಎರಡು ಸಲವೋ, ಕೊನೆಗೆ ಎಷ್ಟು ಪ್ಲೇಟ್‌ಲೆಟ್ ಉಳಿಯಿತು ಎಂಬುದು ಒಂದೊಂದು ಲ್ಯಾಬಿನಲ್ಲಿ ಒಂದೊಂದು ಥರ. ಒಬ್ಬರ ಫಲಿತಾಂಶ ಇನ್ನೊಬ್ಬರದಕ್ಕೆ ಸಾಕ್ಷಿಯಾಗುವುದು ಕಷ್ಟ. ಇನ್ನೊಂದು ತೊಡಕು ಅಳತೆಯದು. ತೀರಾ ತೆಳುವಾಗಿ ಬಂದ ತಿಂಗಳನ್ನು ನೋಡಿಯೇ ಪಿಆರ್‌ಪಿ ಹೇಳುವುದರಿಂದ, ಮುಂದಿನ ತಿಂಗಳ ಸ್ಕ್ಯಾನ್‌ನಲ್ಲಿ ಲೈನಿಂಗ್ ತನ್ನಷ್ಟಕ್ಕೇ ಕೊಂಚ ಚೇತರಿಸಿಕೊಂಡಿರುವ ಸಾಧ್ಯತೆ ಇದ್ದೇ ಇದೆ. ಜೊತೆಗೆ ಈಸ್ಟ್ರೊಜನ್ ಮಾತ್ರೆಯ ಪ್ರಮಾಣವನ್ನೂ ಏರಿಸಿರುತ್ತಾರೆ, ದಿನಗಳನ್ನೂ ಹೆಚ್ಚಿಸಿರುತ್ತಾರೆ. 6.2 ಮಿಲಿಮೀಟರ್ ಇದ್ದದ್ದು 7.1 ಆದರೆ ಕೀರ್ತಿ ಯಾರಿಗೆ? ಆದರೂ ಸ್ಕ್ಯಾನ್ ಪರದೆಯ ಮೇಲಿನ ಆ ಅಂಕಿ ದಂಪತಿಗೆ ಗೆಲುವಾಗಿಯೇ ಕಾಣುತ್ತದೆ.

ಅಂಡಾಶಯಕ್ಕೆ ಸೂಜಿಯಲ್ಲಿ ಪಿಆರ್‌ಪಿ ಕೊಟ್ಟು ‘ಪುನಶ್ಚೇತನ’ ಮಾಡುವುದಾಗಿ ಹೇಳುವ ಇನ್ನೊಂದು ಬಗೆಯಿದೆ. ಅಂಡಾಣು ಸರಿಯಾಗಿ ಸಿಗದ, 38ರೊಳಗಿನ ಹೆಂಗಸರಲ್ಲಿ ಇದನ್ನು ಚೀಟಿ ಎತ್ತುವ ವಿಧಾನದಲ್ಲೇ ಪರೀಕ್ಷಿಸಿದ ಅಮೆರಿಕದ ಅಧ್ಯಯನದಲ್ಲಿ ಪಕ್ವ ಅಂಡಾಣುಗಳ ಸಂಖ್ಯೆ ಹೆಚ್ಚಲಿಲ್ಲ. ಯುರೋಪಿನ ಅದೇ ಮಾರ್ಗದರ್ಶಿ ಪಿಆರ್‌ಪಿಯನ್ನೂ ಶಿಫಾರಸು ಮಾಡುವುದಿಲ್ಲ. ಪಟ್ಟಿಯ ಉಳಿದವುಗಳ ಪಾಡೂ ಹೀಗೇ: 2022ರಲ್ಲಿ 767 ಮಂದಿಯ ಪ್ರಯೋಗದಲ್ಲಿ ಇಆರ್‌ಎ ಹೇಳಿದ ಗಳಿಗೆಗೆ ಭ್ರೂಣ ಇಟ್ಟವರಲ್ಲಿ ಶೇ. 58.5, ಮಾಮೂಲಿ ಗಳಿಗೆಗೆ ಇಟ್ಟವರಲ್ಲಿ ಶೇ. 61.9 ಮಂದಿಗೆ ಮಗುವಾಯಿತು. ಟೈಮ್‌ಲ್ಯಾಪ್ಸ್ ಕೂಡ 2024ರ ದೊಡ್ಡ ಪ್ರಯೋಗದಲ್ಲಿ ಏನೂ ಕೂಡಿಸಲಿಲ್ಲ.

ಈಗ ‘ನಷ್ಟವೇನಿಲ್ಲ’ ಎಂಬ ಮಾತಿಗೆ ಬರೋಣ. 36 ವರ್ಷದ, ಅಂಡಾಣು ಸಂಗ್ರಹ ಇಳಿಯುತ್ತಿರುವ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ಅಂಡಾಶಯಕ್ಕೆ ಪಿಆರ್‌ಪಿ ಕೊಟ್ಟು, ಪರಿಣಾಮ ಕಾಣಲೆಂದು ಎರಡು ಮೂರು ತಿಂಗಳು ಕಾಯಿಸುತ್ತಾರೆ. ಫಲ ಕಾಣದಿದ್ದರೆ ಮತ್ತೊಂದು ಸುತ್ತು. ಅವಳ ಬಳಿ ಎಲ್ಲಕ್ಕಿಂತ ಕಡಿಮೆ ಇರುವುದು ಆ ತಿಂಗಳುಗಳೇ. ಅಂಡಾಶಯಕ್ಕೆ ಹೋಗುವ ಸೂಜಿಗೆ ಸೋಂಕು, ರಕ್ತಸ್ರಾವದ ಅಪಾಯ ಸಣ್ಣದಾದರೂ ಇದೆ. ಸ್ಕ್ರ್ಯಾಚಿಂಗ್ ಮಾಡುವ ತಿಂಗಳಲ್ಲಿ ತಾನಾಗಿ ಬಸಿರು ನಿಲ್ಲದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಕೆರೆಯುವುದು ಆ ಬಸಿರನ್ನೇ. ನೋವಿಗೆ 1364 ಮಂದಿಯ ಪ್ರಯೋಗದಲ್ಲಿ ಹೆಂಗಸರು ಹತ್ತಕ್ಕೆ ಕೊಟ್ಟ ಮಧ್ಯದ ಅಂಕ 3.5. ಮತ್ತೆ ದುಡ್ಡು: ಎರಡು ಮೂರು ಆ್ಯಡ್-ಆನ್‌ಗಳ ಬಿಲ್ಲು ಮುಂದಿನ ಭ್ರೂಣ ವರ್ಗಾವಣೆಗೆಂದು ತೆಗೆದಿಟ್ಟ ಹಣವನ್ನೇ ಕರಗಿಸುತ್ತದೆ. ಆ ವರ್ಗಾವಣೆಗಾದರೆ ಮಗುವಾಗುವ ಸಾಧ್ಯತೆ ಎಷ್ಟೆಂದು ಅಂದಾಜು ಸಿಗುತ್ತದೆ.

ಬೇಡವೆಂದು ನಿಷೇಧಿಸಿ ಎನ್ನುತ್ತಿಲ್ಲ. ಎಸ್ಟಿಮೇಟ್ ಹಾಳೆಯಲ್ಲಿ ಪ್ರತಿ ಆ್ಯಡ್-ಆನ್‌ನ ಬೆಲೆಯ ಪಕ್ಕದಲ್ಲಿ ಎರಡು ಅಂಕಿ ಬರೆಯಲಿ: ಇಂಥ ರೋಗಿಗಳಲ್ಲಿ ಇದನ್ನು ಮಾಡಿಸಿಕೊಂಡ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಮಗುವಾಗಿದೆ, ಮಾಡಿಸಿಕೊಳ್ಳದ ನೂರು ಮಂದಿಯಲ್ಲಿ ಎಷ್ಟು. ಎರಡನೆಯ ಅಂಕಿಯೇ ಗೊತ್ತಿಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡಲಿ, ಮತ್ತು ಖಾಲಿ ಬಿಟ್ಟದ್ದಕ್ಕೆ ದುಡ್ಡು ತೆಗೆದುಕೊಳ್ಳದಿರಲಿ.