ನುಣುಪು ಕಾಗದಕ್ಕೆ ಒರಟು ಮುಸುಕು

ಉರ್ದು ಗಝಲ್‌ಗಳ ಅನುವಾದ ಸಂಕಲನವೊಂದು ಈಚೆಗೆ ಕೈಸೇರಿತು. ಮುಖಪುಟದಲ್ಲಿ ಹಳೆಯ ಕಮಾನಿನ ಛಾಯಾಚಿತ್ರ, ಅದರ ಮೇಲೆ ಕಂಪ್ಯೂಟರ್ ಫಾಂಟಿನ ಕಪ್ಪು ನಸ್ತಲೀಕ್ ಅಕ್ಷರಗಳು, ಮೂಲೆಯಲ್ಲೊಂದು ಬಿಳಿ ಚಂದ್ರ. ಎಲ್ಲವನ್ನೂ ಜೋಡಿಸಿದ ಮೇಲೆ ವಿನ್ಯಾಸಕಾರರು ಅದರ ಮೇಲೆ ಕ್ಯಾನ್ವಾಸಿನ ನೇಯ್ಗೆಯನ್ನು ಹೊದಿಸಿದ್ದಾರೆ. ಕೈಯಿಂದ ಮಾಡಿದಂತೆ ಕಾಣಲಿ ಎಂಬುದು ಅವರ ಆಸೆ. ಹಾಗೆ ಕಾಣುವುದಿಲ್ಲ.

ಹೊದಿಸುವ ಕೆಲಸವೇನೋ ಸುಲಭ. ಬಟ್ಟೆಯ ಸ್ಕ್ಯಾನ್ ಒಂದರ ಬಣ್ಣ ತೆಗೆದು, ಫೋಟೋಶಾಪಿನಲ್ಲಿ ಎಲ್ಲ ಪದರಗಳ ಮೇಲಿಟ್ಟು, ‘ಓವರ್‌ಲೇ’ ಎಂಬ ಬೆರಕೆಯ ಕ್ರಮವನ್ನು ಆರಿಸಿದರಾಯಿತು. ಆಗ ಸ್ಕ್ಯಾನಿನಲ್ಲಿರುವ ನಡು ಬೂದು ಏನನ್ನೂ ಬದಲಿಸುವುದಿಲ್ಲ. ಅದಕ್ಕಿಂತ ತಿಳಿಯಾದ ಎಳೆಗಳು ಕೆಳಗಿನ ಚಿತ್ರವನ್ನು ಬೆಳಗಿಸುತ್ತವೆ, ಗಾಢವಾದವು ಕಪ್ಪಾಗಿಸುತ್ತವೆ. ಆದರೆ ಕೆಳಗಿರುವುದು ಅಚ್ಚ ಬಿಳಿಯೋ ಅಚ್ಚ ಕಪ್ಪೋ ಆಗಿದ್ದರೆ ಅಲ್ಲಿ ಏನೂ ಆಗದು. ಹಾಗಾಗಿ ಕಮಾನಿನ ಕಂದು ಕಲ್ಲಿನ ಮೇಲೆ ನೇಯ್ಗೆ ದಟ್ಟವಾಗಿ ಎದ್ದಿದೆ. ಅಕ್ಷರಗಳೂ ಚಂದ್ರನೂ ಮಾತ್ರ ನುಣ್ಣಗೆ ಉಳಿದು, ಆಮೇಲೆ ಅಂಟಿಸಿದಂತೆ ತೇಲುತ್ತಿವೆ. ನಿಜವಾದ ಕ್ಯಾನ್ವಾಸಿನಲ್ಲಿ ನೇಯ್ಗೆ ಹೆಚ್ಚು ಕಾಣುವುದು ಬಣ್ಣ ತೆಳುವಾಗಿರುವಲ್ಲಿ. ದಪ್ಪವಾಗಿ ಬಳಿದಲ್ಲಿ ಅದು ಮುಚ್ಚಿಹೋಗುತ್ತದೆ. ಓವರ್‌ಲೇಗೆ ಬಣ್ಣದ ದಪ್ಪ ಗೊತ್ತಿಲ್ಲ, ಬೆಳಕಿನ ಮಟ್ಟ ಮಾತ್ರ ಗೊತ್ತು. ಮೊದಲೇ ಬಿಳಿಯನ್ನು ಕೆನೆಬಣ್ಣಕ್ಕೂ ಕಪ್ಪನ್ನು ಗಾಢ ಕಂದಿಗೂ ಇಳಿಸಿ, ನೇಯ್ಗೆಯ ಗಾಢತೆಯನ್ನು ಶೇಕಡಾ 20ರ ಆಸುಪಾಸಿಗೆ ತಂದಿದ್ದರೆ ಈ ತೇಲಾಟ ಕಡಿಮೆಯಾಗುತ್ತಿತ್ತು.

ನನ್ನ ತಕರಾರು ಅಷ್ಟಕ್ಕೇ ಮುಗಿಯುವುದಿಲ್ಲ. ನಸ್ತಲೀಕ್ ಬರೆಯುತ್ತಿದ್ದ ಖತ್ತಾತರು ಒರಟು ಕಾಗದವನ್ನು ಬಯಸಿದವರೇ ಅಲ್ಲ. ಕಾಗದಕ್ಕೆ ಗಂಜಿಯನ್ನೋ, ಮೊಟ್ಟೆಯ ಬಿಳಿ ಮತ್ತು ಪಟಿಕದ ಮಿಶ್ರಣವನ್ನೋ ಬಳಿದು, ಒಣಗಿದ ಮೇಲೆ ಅಕೀಕ್ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ಈ ಲೇಪವನ್ನು ಆಹಾರ್ ಎನ್ನುತ್ತಾರೆ. ಬೊರುವಿನ ಕಲಮು ಎಲ್ಲೂ ತಡೆಯದೆ ಜಾರಬೇಕು, ಶಾಯಿ ನಾರಿನೊಳಗೆ ಇಳಿಯದೆ ಮೇಲೆಯೇ ನಿಲ್ಲಬೇಕು, ತಪ್ಪಿದರೆ ಒದ್ದೆ ಮಾಡಿ ಒರೆಸಲು ಬರಬೇಕು. ಮೊಘಲ್ ಕಿರುಚಿತ್ರಗಳ ವಸ್ಲಿ ಕಾಗದವನ್ನೂ ಹಾಳೆಯ ಮೇಲೆ ಹಾಳೆ ಅಂಟಿಸಿ ಹೀಗೆಯೇ ಉಜ್ಜುತ್ತಿದ್ದರು. ಒರಟನ್ನು ಅಳಿಸುವುದೇ ಅಲ್ಲಿ ಕೈಯ ಶ್ರಮವಾಗಿತ್ತು. ನಾವೋ ಅದೇ ಒರಟನ್ನು ತಂದು ಹೊದಿಸಿ ‘ಕೈಕೆಲಸ’ ಎನ್ನುತ್ತಿದ್ದೇವೆ.

ಹಾಗಾದರೆ ಆ ಬರಹದಲ್ಲಿ ಕೈ ಕಾಣುವುದೆಲ್ಲಿ? ಶಾಯಿಯಲ್ಲಿ. ಕಲಮನ್ನು ಅದ್ದಿದ ಕೂಡಲೇ ಎಳೆದ ಗೆರೆ ಗಾಢವಾಗಿರುತ್ತದೆ; ಉದ್ದನೆಯ ಎಳೆತದಲ್ಲಿ ಅದು ತೆಳುವಾಗುತ್ತಾ ಹೋಗಿ, ಕಲಮು ನಿಂತಲ್ಲಿ ಮತ್ತೆ ಮಡುಗಟ್ಟುತ್ತದೆ. ಒಂದೇ ‘ಬೇ’ ಅಕ್ಷರವನ್ನು ಎರಡು ಸಲ ಬರೆದರೆ ಶಾಯಿ ಎರಡು ರೀತಿ ನಿಲ್ಲುತ್ತದೆ. ಫಾಂಟಿನ ‘ಬೇ’ಗೆ ತುದಿಯಿಂದ ತುದಿಗೆ ಒಂದೇ ಕಪ್ಪು. ಅದರ ಮೇಲೆ ಯಾವ ಬಟ್ಟೆ ಹೊದಿಸಿದರೂ ಆ ಏರಿಳಿತ ಬರುವುದಿಲ್ಲ. ಶೀರ್ಷಿಕೆಯ ನಾಲ್ಕು ಪದಗಳನ್ನು ಬಲ್ಲವರಿಂದ ಬರೆಸಿ, ಬೂದು ಛಾಯೆಗಳು ಉಳಿಯುವಂತೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ‘ಮಲ್ಟಿಪ್ಲೈ’ ಕ್ರಮದಲ್ಲಿ ಕೂರಿಸಿದ್ದರೆ ಸಾಕಿತ್ತು. ನೇಯ್ಗೆ ಬೇಕೇ ಬೇಕೆನಿಸಿದರೆ ಕಮಾನಿನ ಪದರಕ್ಕೆ ಮಾತ್ರ ಇಟ್ಟುಕೊಳ್ಳಬಹುದಿತ್ತು.

ಅಂದಹಾಗೆ, ಹಿಂಬದಿಯಲ್ಲಿ ಕವಿಯ ಭಾವಚಿತ್ರವೂ ಇದೆ. ಅವರ ಕೆನ್ನೆಯ ಮೇಲೂ ಅದೇ ಗೋಣಿಯ ನೇಯ್ಗೆ.