ಗಲ್ಲೆಯಲ್ಲಿ ಪಾಲೋ, ಉಳಿಕೆಯಲ್ಲಿ ಪಾಲೋ

ಸೊಲ್ಲಾಪುರದಿಂದ ಅಕ್ಕಲಕೋಟ ರಸ್ತೆ ಹಿಡಿದರೆ ಸಿಗುವ ಊರು ಕುಂಭಾರಿ. ಬೀಡಿ ಕಟ್ಟುವವರಿಗಾಗಿ ಎದ್ದ ಗೋದೂತಾಯಿ ಪರುಳೇಕರ ನಗರ ಇರುವುದು ಇಲ್ಲಿಯೇ. 2024ರ ಜನವರಿಯಲ್ಲಿ ಮೊದಲ 15,000 ಮನೆಗಳು ಉದ್ಘಾಟನೆಯಾದ ರೇ ನಗರವೂ ಇಲ್ಲಿಯದೇ. ಬೀಡಿ, ಮಗ್ಗ, ಬೀದಿ ವ್ಯಾಪಾರ ನಂಬಿದವರ ಮನೆಗಳಿವು. ಇಂಥ ಮನೆಗಳಲ್ಲಿ ತಿಂಗಳ ಸಂಬಳ ಎಂಬುದಿಲ್ಲ, ದಿನದ ಗಲ್ಲೆ ಇದೆ. 'ಬಂದದ್ದರಲ್ಲಿ ಇಷ್ಟು ಪಾಲು ತೆಗೆದಿಡು' ಎಂಬ ಬುದ್ಧಿಮಾತು ಇವರಿಗೆ ಹೊಸದಲ್ಲ. ಆದರೆ ಪಾಲು ಯಾವುದರಲ್ಲಿ ಎಂಬುದನ್ನು ಆ ಮಾತು ಹೇಳುವುದಿಲ್ಲ. ಈ ಪದ್ಧತಿ ನಿಲ್ಲುವುದೂ ಬೀಳುವುದೂ ಅದರ ಮೇಲೆಯೇ.

ಲೆಕ್ಕಕ್ಕಾಗಿ ಒಬ್ಬ ಕಾಯಿಪಲ್ಲೆ ವ್ಯಾಪಾರಿಯನ್ನು ಊಹಿಸಿಕೊಳ್ಳೋಣ. ನಸುಕಿನಲ್ಲಿ ಸೊಲ್ಲಾಪುರದ ಸಿದ್ಧೇಶ್ವರ ಮಾರ್ಕೆಟ್ ಯಾರ್ಡಿನಲ್ಲಿ ಮಾಲು ಹಿಡಿದು ಗಾಡಿಯ ಮೇಲೆ ಮಾರುತ್ತಾಳೆ. ವರ್ಷಕ್ಕೆ 300 ದಿನ ವ್ಯಾಪಾರ. ಸಾಧಾರಣ ದಿನ 1,800 ರೂಪಾಯಿ ಗಲ್ಲೆಗೆ ಬೀಳುತ್ತದೆ. ಅದರಲ್ಲಿ 1,350 ಮಾಲಿನದು, 100 ಆಟೋ ಮತ್ತಿತರ ಖರ್ಚಿನದು. ಕೈಗೆ ಉಳಿಯುವುದು 350. ಇಂಥವು 170 ದಿನ. ಜಾತ್ರೆ, ಹಬ್ಬ, ಸಂತೆಯ 70 ದಿನ 3,000 ಬಂದು 650 ಉಳಿಯುತ್ತದೆ. ಇನ್ನು 60 ದಿನ ಮಳೆಯೋ ಬಿಸಿಲೋ ಕೆಡಿಸಿ, ಕೊತ್ತಂಬರಿ ಮೆಂತೆ ಬಾಡಿ, 700 ಬಂದರೆ ಹೆಚ್ಚು. ಅಂದು ಮಾಲಿನ ಹಣವೂ ಪೂರ್ತಿ ಮರಳುವುದಿಲ್ಲ.

ಗಲ್ಲೆಯ ನೂರಕ್ಕೆ ಐದು ತೆಗೆದಿಟ್ಟರೆ ವರ್ಷಕ್ಕೆ 27,900 ಆಗುತ್ತದೆ. ಕಾಗದದ ಮೇಲೆ ಚೆಂದ. ಆದರೆ ಸಾಧಾರಣ ದಿನ ತೆಗೆದ 90 ರೂಪಾಯಿ ಉಳಿಕೆಯ ಕಾಲು ಭಾಗ, ಮನೆಯ ಹಿಟ್ಟು ಎಣ್ಣೆಗೆ ಕೈಹಾಕಿದಂತೆ. ಕೆಟ್ಟ ದಿನದ 35 ಅಂತೂ ನಾಳೆಯ ಮಾಲಿನ ಹಣ. ಅದನ್ನು ತೆಗೆದರೆ ನಾಳೆ ಗಾಡಿಯ ಮೇಲೆ ಮಾಲು ಕಡಿಮೆ, ಗಿರಾಕಿಯೂ ಕಡಿಮೆ. ಡಬ್ಬಿ ತುಂಬುತ್ತಿದ್ದರೂ ಗಾಡಿ ಬರಿದಾಗುತ್ತ ಹೋದರೆ ಪಾಲು ತಪ್ಪು ಜಾಗದಿಂದ ಬರುತ್ತಿದೆ ಎಂದೇ ತಿಳಿಯಬೇಕು.

ನಾನು ಒಪ್ಪುವ ಕ್ರಮ ಬೇರೆ. ಸಂಜೆ ಗಲ್ಲೆಯ ಹಣ ಎಣಿಸುವಾಗ ಫೋನಿಗೆ ಬಂದ ಹಣವನ್ನೂ ಸೇರಿಸಬೇಕು. ಕ್ಯೂಆರ್ ಕೋಡಿನ ಹಣ ಕಣ್ಣಿಗೆ ಬೀಳದೆ ಲೆಕ್ಕ ತಪ್ಪಿಸುತ್ತದೆ. ಮೊದಲು ನಾಳೆಯ ಮಾಲಿನ ಹಣ ಬೇರೆ ಚೀಲಕ್ಕೆ ಹೋಗಲಿ, ಆಮೇಲೆ ಖರ್ಚು. ಉಳಿದದ್ದರಲ್ಲಿ ಐದರಲ್ಲಿ ಒಂದು ಪಾಲು ತೆಗೆಯಲಿ. ಒಳ್ಳೆಯ ದಿನ 130, ಸಾಧಾರಣ ದಿನ 70, ಕೆಟ್ಟ ದಿನ ಏನೂ ಇಲ್ಲ. ವರ್ಷಕ್ಕೆ 21,000. ಇದರಲ್ಲಿ 9,100 ಬಂದದ್ದು ಬರೀ 70 ದಿನಗಳಿಂದ. ಹಾಗಾಗಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ವಾರ ಕೈ ಸಡಿಲ ಬಿಟ್ಟವಳು ಆಷಾಢದಲ್ಲಿ ಬಿಗಿಹಿಡಿದರೂ ಅದನ್ನು ತುಂಬಿಕೊಳ್ಳಲಾರಳು.

ದಿನಾಲೂ 70 ರೂಪಾಯಿಯ ಪಿಗ್ಮಿ ಕಟ್ಟಿದರೂ 300 ದಿನಕ್ಕೆ ಅದೇ 21,000 ಆಗುತ್ತದಲ್ಲ ಎನ್ನಬಹುದು. ಆದರೆ ಆ 60 ಕೆಟ್ಟ ದಿನ ಪಿಗ್ಮಿಯವನನ್ನು 'ನಾಳೆ ಬಾ' ಎಂದು ಕಳಿಸುವುದೇ ಆಗುತ್ತದೆ, ಕೈಸೇರುವುದು 16,800. ಒಳ್ಳೆಯ ದಿನದ ಹೆಚ್ಚಿನ ಅರವತ್ತು ರೂಪಾಯಿ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಪಿಗ್ಮಿಯ ಬಲ ಅದರ ಮೊತ್ತದಲ್ಲಿ ಇಲ್ಲ. ಒಬ್ಬ ಮನುಷ್ಯ ದಿನಾ ಗಾಡಿಯ ಮುಂದೆ ಬಂದು ನಿಲ್ಲುವುದರಲ್ಲಿದೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಬ್ಯಾಂಕು 1928ರಲ್ಲಿ ಇದನ್ನು ಶುರುಮಾಡಿದ್ದೂ ಹೀಗೆ, ಮನೆ ಬಾಗಿಲಿಗೆ ಹೋಗಿ ಚಿಲ್ಲರೆ ಆಣೆ ಕೂಡಿಸಿಕೊಂಡು. ಆ ದಿನದ ಪಾಲು ಎಷ್ಟೋ ಅಷ್ಟನ್ನೇ ಬರೆದುಕೊಳ್ಳುವಂತೆ ಅವನಿಗೆ ಹೇಳಿದರೆ ಎರಡೂ ಪದ್ಧತಿಯ ಗುಣ ಸೇರುತ್ತದೆ. ಆದರೆ ಅವನು ಕೊಟ್ಟ ರಸೀದಿ ಕಚೇರಿಯ ಪಾಸ್‌ಬುಕ್ಕಿಗೆ ತಾಳೆಯಾಗುತ್ತದೆಯೇ ಎಂದು ತಿಂಗಳಿಗೊಮ್ಮೆ ಹೋಗಿ ನೋಡಲೇಬೇಕು. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕಿನದಕ್ಕೂ, 5 ಲಕ್ಷದವರೆಗೆ ವಿಮೆ ಇದೆ. ಪತಸಂಸ್ಥೆಯ ಠೇವಣಿಗೆ ಆ ವಿಮೆ ಇಲ್ಲ.

21,000ದಿಂದ ಮನೆ ಕಟ್ಟಲಾಗದು, ಮಗಳ ಮದುವೆಯೂ ಆಗದು. ಅದು ಸಾಧಾರಣ ದಿನದ ಮಾಲಿನ ಹದಿನೈದು ದಿನದ ಹಣ. ಅದರ ನಿಜವಾದ ಬೆಲೆ ತಿಳಿಯಬೇಕಾದರೆ ದಿನಗಂತಿನ ಸಾಲದ ಪಕ್ಕ ಇಟ್ಟು ನೋಡಬೇಕು. ಹೆಸರಿಗೆ 10,000, ಕೈಗೆ ಬರುವುದು 9,000, ಮರಳಿಸುವುದು ನೂರು ದಿನ ನೂರು ರೂಪಾಯಿ. ವರ್ಷಕ್ಕೆ ಮೂರು ಸಲ ಎತ್ತಿದರೆ 3,000 ಹೋಗುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟೆಂದರೆ, ಸಾಧಾರಣ ದಿನದ 350ರಲ್ಲಿ ನೂರು ಸಾಹುಕಾರನಿಗೆ ಹೋದ ಮೇಲೆ 70ರ ಪಾಲು ಹೊರಡುವುದೇ ಇಲ್ಲ. ಆದ್ದರಿಂದ ದಿನಗಂತಿನ ಸಾಲ ಮತ್ತು ಪಾಲು ಒಂದೇ ಸಲ ನಡೆಯುತ್ತವೆ ಎಂದು ಯಾರೂ ಈಕೆಗೆ ಹೇಳಬಾರದು. ಮೊದಲು ಆ ಗಂತು ಮುಗಿಯಲಿ, ಹೊಸದನ್ನು ಎತ್ತದಿರಲಿ. ಗಂತು ಮುಗಿದ ಮರುದಿನದಿಂದ ಅದೇ ನೂರರಲ್ಲಿ 70 ಪಿಗ್ಮಿಗೆ ಹೋಗಲಿ.

ದಿನಗಂತಿನ ಸಾಲದ ಬದಲಿಗೆ 2020ರಲ್ಲಿ ಬಂದ ಪಿಎಂ ಸ್ವನಿಧಿ ಸಾಲ ಆಗಿಬರುತ್ತದೆ. ಮೊದಲ ಸಲದ ಸಾಲ 10,000 ಇದ್ದದ್ದು 2025ರ ಪರಿಷ್ಕರಣೆಯಲ್ಲಿ 15,000 ಆಗಿದೆ. ಹೊತ್ತಿಗೆ ತೀರಿಸಿದವರಿಗೆ ಬಡ್ಡಿಯಲ್ಲಿ ನೂರಕ್ಕೆ 7ರ ಸಹಾಯಧನ ಇದೆ. ಕುಂಭಾರಿಯಲ್ಲಿ ಮನೆಯಿದ್ದು ಸೊಲ್ಲಾಪುರದಲ್ಲಿ ಮಾರುವವಳ ಬಳಿ ನಗರಪಾಲಿಕೆಯ ಗುರುತಿನ ಚೀಟಿಯೋ ಶಿಫಾರಸು ಪತ್ರವೋ ಇರಬೇಕು. ಈ ಸಾಲದ ಕಂತು ತಿಂಗಳಿಗೊಮ್ಮೆ. ದಿನದ ಪಾಲು ಪಿಗ್ಮಿಯಲ್ಲಿ ಕೂಡುತ್ತಿದ್ದವಳಿಗೆ ಕಂತಿನ ದಿನ ಯಾರ ಮುಂದೂ ಕೈಚಾಚುವ ಪ್ರಸಂಗ ಬರುವುದಿಲ್ಲ.